ಒತ್ತಿ ಕೂರಿಸಿದ ಹಬ್ ಜಾರುತ್ತಿದ್ದರೆ: ಹೊರವ್ಯಾಸ ಅಳೆದು ನಿಜವಾದ ಸಂಪರ್ಕ ಒತ್ತಡ ತಿಳಿಯುವುದು

ದೋಷ ಕಾಣುವ ಬಗೆ

ಹಬ್‌ನ ಮುಖದಿಂದ ಶಾಫ್ಟ್‌ನ ತುದಿಗೆ ಅಡ್ಡಲಾಗಿ ಎಳೆದಿದ್ದ ಬಣ್ಣದ ಗೆರೆ ನಡುವೆ ಕಡಿದು, ಎರಡು ತುಂಡುಗಳು ಅಕ್ಕಪಕ್ಕ ಸರಿದಿವೆ. ಬೋರ್‌ನ ಅಂಚಿನಲ್ಲಿ ಕಂದುಗೆಂಪು ಪುಡಿ ಕಾಣುತ್ತದೆ. ಮೋಟಾರ್ ಓಡುತ್ತಿರುವಾಗ ತೊಂದರೆಯಿಲ್ಲ. ಪ್ರತಿ ಸಲ ಶುರುವಾಗುವಾಗ ಗೆರೆ ಇನ್ನಷ್ಟು ಸರಿಯುತ್ತದೆ. ವಿನ್ಯಾಸದ ಕಡತ ತೆಗೆದು ನೋಡಿದರೆ ಜೋಡಣೆ ಬೇಕಾದುದಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಟಾರ್ಕ್ ಹೊರಬಲ್ಲದು ಎಂಬ ಲೆಕ್ಕ ಇದೆ, ಮತ್ತು ಆ ಲೆಕ್ಕದಲ್ಲಿ ಗಣಿತದ ತಪ್ಪೇನೂ ಇಲ್ಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮೊದಲು ಬೈಯುವುದು ಎಣ್ಣೆಯನ್ನು. ಒತ್ತುವಾಗ ಎಣ್ಣೆ ಹೆಚ್ಚಾಯಿತು, ಘರ್ಷಣೆ ಬಿದ್ದುಹೋಯಿತು ಎಂದು ತೀರ್ಮಾನಿಸಿ, ಮುಂದಿನ ಹಬ್ಬನ್ನು ಒರೆಸಿ ಒಣದಾಗಿ ಒತ್ತುತ್ತಾರೆ. ಬೋರ್ ಕೆರೆದುಹೋಗಿ ಪರಿಸ್ಥಿತಿ ಇನ್ನೂ ಹದಗೆಡುತ್ತದೆ. ಟಾರ್ಕ್ ಹೊರುವುದು ಘರ್ಷಣಾಂಕ ಮತ್ತು ಸಂಪರ್ಕ ಒತ್ತಡ ಇವೆರಡರ ಗುಣಲಬ್ಧ. ಆದ್ದರಿಂದ ಎರಡರಲ್ಲಿ ಯಾವುದು ಕಡಿಮೆಯಾಗಿದೆ ಎಂಬುದನ್ನು ಬೇರ್ಪಡಿಸದೆ ಯಾವ ಪರಿಹಾರಕ್ಕೂ ಕೈ ಹಾಕಬಾರದು. ಬೇರ್ಪಡಿಸಲು ದುಬಾರಿ ಉಪಕರಣ ಬೇಡ. ಒಂದು ಮೈಕ್ರಾನ್ ಓದಬಲ್ಲ ಮೈಕ್ರೋಮೀಟರ್ ಸಾಕು. ಹೇಗೆಂಬುದನ್ನು ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ.

ಕಾಗದದ ಮೇಲಿನ ಲೆಕ್ಕ

ಶಾಫ್ಟ್ ಉಕ್ಕಿನದು, ಒಳಗೆ ರಂಧ್ರವಿಲ್ಲದ ಗಟ್ಟಿ ಶಾಫ್ಟ್, ವ್ಯಾಸ 50 ಮಿ.ಮೀ. ಹಬ್ ಕೂಡ ಉಕ್ಕಿನದು, ಹೊರವ್ಯಾಸ 80 ಮಿ.ಮೀ., ಉದ್ದ 40 ಮಿ.ಮೀ., ಕೀವೇ ಇಲ್ಲದ ಸಾದಾ ಉಂಗುರ. ಡ್ರಾಯಿಂಗ್‌ನಲ್ಲಿ ಫಿಟ್ H7/s6. ಮೋಟಾರ್‌ನ ಸಾಮಾನ್ಯ ಟಾರ್ಕ್ 300 ನ್ಯೂಟನ್ ಮೀಟರ್, ಶುರುವಾಗುವಾಗ ಅದರ ಎರಡರಷ್ಟು, ಅಂದರೆ ಸುಮಾರು 600.

ಒತ್ತುವ ಮೊದಲು ಅಳೆದಾಗ ಶಾಫ್ಟ್ 50.051, ಬೋರ್ 50.009. ವ್ಯತ್ಯಾಸ 0.042 ಮಿ.ಮೀ., ಅಂದರೆ 42 ಮೈಕ್ರಾನ್. ಇದೇ ವ್ಯಾಸದ ಮೇಲಿನ ಇಂಟರ್‌ಫಿಯರೆನ್ಸ್. ಶಾಫ್ಟ್ ಮತ್ತು ಹಬ್ ಒಂದೇ ಲೋಹದ್ದಾಗಿದ್ದು ಶಾಫ್ಟ್ ಗಟ್ಟಿಯಾಗಿದ್ದರೆ, ದಪ್ಪ ಗೋಡೆಯ ಸಿಲಿಂಡರ್‌ಗೆ ಲಾಮೆ ಕೊಟ್ಟ ಸಮೀಕರಣಗಳು ಕರಗಿ ಇಷ್ಟು ಚಿಕ್ಕದಾಗುತ್ತವೆ:

```
p = (E · δ / 2d) · (1 − d²/D²)

T = μ · p · π · d² · L / 2
```

ಇಲ್ಲಿ p ಸಂಪರ್ಕ ಒತ್ತಡ, T ಟಾರ್ಕ್, μ ಘರ್ಷಣಾಂಕ, δ ವ್ಯಾಸದ ಮೇಲಿನ ಇಂಟರ್‌ಫಿಯರೆನ್ಸ್, d ಶಾಫ್ಟ್‌ನ ವ್ಯಾಸ, D ಹಬ್‌ನ ಹೊರವ್ಯಾಸ, L ಹಬ್ ಕೂತಿರುವ ಉದ್ದ. ಉಕ್ಕಿಗೆ ಸ್ಥಿತಿಸ್ಥಾಪಕತೆಯ ಗುಣಾಂಕ E ಬೆಲೆ 210000 ಮೆಗಾಪಾಸ್ಕಲ್ ಎಂದು ಹಿಡಿಯಿರಿ. ಆವರಣದೊಳಗಿನ ಪದ 0.609 ಬರುತ್ತದೆ. ಒಟ್ಟು ಲೆಕ್ಕದಲ್ಲಿ, ಈ ಜೋಡಿಯಲ್ಲಿ ಒಂದು ಮೈಕ್ರಾನ್ ಇಂಟರ್‌ಫಿಯರೆನ್ಸ್‌ಗೆ 1.28 ಮೆಗಾಪಾಸ್ಕಲ್ ಒತ್ತಡ. ಈ ಒಂದು ಸಂಖ್ಯೆಯನ್ನು ಡ್ರಾಯಿಂಗ್‌ನ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಉಳಿದದ್ದೆಲ್ಲ ಬಾಯಿಲೆಕ್ಕದಲ್ಲೇ ಆಗುತ್ತದೆ.

42 ಮೈಕ್ರಾನ್‌ಗೆ ಒತ್ತಡ 53.8 ಮೆಗಾಪಾಸ್ಕಲ್. ಘರ್ಷಣಾಂಕ 0.12 ಎಂದು ಹಿಡಿದರೆ ಜೋಡಣೆ ಹೊರಬಲ್ಲ ಟಾರ್ಕ್ 1010 ನ್ಯೂಟನ್ ಮೀಟರ್‌ಗೂ ಸ್ವಲ್ಪ ಮೇಲೆ. ಬೇಕಾದದ್ದು 600. ಹಾಗಿದ್ದೂ ಹಬ್ ಜಾರುತ್ತಿದೆ.

ಮೊದಲು ತಳ್ಳಿಹಾಕಬೇಕಾದವು

ಲೋಹವನ್ನು ಅನುಮಾನಿಸುವ ಮುನ್ನ ಲೆಕ್ಕಕ್ಕೆ ಹಾಕಿದ ಸಂಖ್ಯೆಗಳನ್ನು ನೋಡಿ. ಅತಿ ಸಾಮಾನ್ಯವಾದ ಗೊಂದಲ ವ್ಯಾಸ ಮತ್ತು ತ್ರಿಜ್ಯದ್ದು. ಕೆಲವು ಪುಸ್ತಕಗಳಲ್ಲಿ δ ಎಂದರೆ ತ್ರಿಜ್ಯದ ಮೇಲಿನ ಇಂಟರ್‌ಫಿಯರೆನ್ಸ್, ಮತ್ತು ಅವುಗಳ ಸೂತ್ರದಲ್ಲಿ d ಜಾಗದಲ್ಲಿ ತ್ರಿಜ್ಯ ಇರುತ್ತದೆ. ಒಂದು ಕಡೆಯ ಸೂತ್ರಕ್ಕೆ ಇನ್ನೊಂದು ಕಡೆಯ ಅಳತೆ ಹಾಕಿದರೆ ಉತ್ತರ ಸರಿಯಾಗಿ ಎರಡು ಪಟ್ಟು ಅಥವಾ ಅರ್ಧ ಬರುತ್ತದೆ. ನಿಮ್ಮ ಅಂದಾಜು ಮತ್ತು ವಾಸ್ತವದ ನಡುವಿನ ಅಂತರ ಎರಡರ ಹತ್ತಿರ ಇದ್ದರೆ ಮೊದಲು ಇಲ್ಲೇ ಹುಡುಕಿ.

ಎರಡನೆಯದು D. ಹಬ್‌ಗೆ ಒಂದು ತುದಿಯಲ್ಲಿ ಅಗಲವಾದ ಫ್ಲೇಂಜ್ ಇದ್ದರೆ, ಫ್ಲೇಂಜ್‌ನ ವ್ಯಾಸವನ್ನೇ D ಎಂದು ಹಾಕುವವರಿದ್ದಾರೆ. ನಮ್ಮ ಬೋರ್‌ಗೆ 80 ಬದಲು 120 ಹಾಕಿದರೆ ಒತ್ತಡ ಮೂರನೇ ಒಂದಕ್ಕಿಂತ ಹೆಚ್ಚು ಉಬ್ಬಿ ಕಾಣುತ್ತದೆ. ಶಾಫ್ಟನ್ನು ಸುತ್ತಿ ಹಿಡಿದಿರುವ ಗೋಡೆ ಉದ್ದದ ಹೆಚ್ಚಿನ ಭಾಗದಲ್ಲಿ ಎಷ್ಟು ದಪ್ಪವೋ ಅದೇ ಲೆಕ್ಕಕ್ಕೆ ಬರಬೇಕು.

ಮೂರನೆಯದು ಶಾಫ್ಟ್‌ನೊಳಗಿನ ರಂಧ್ರ. ಗಟ್ಟಿ ಶಾಫ್ಟ್‌ನ ಸೂತ್ರವನ್ನು ಟೊಳ್ಳು ಶಾಫ್ಟ್‌ಗೆ ಹಾಕಿದರೆ ಒತ್ತಡ ಹೆಚ್ಚಾಗಿ ಕಾಣುತ್ತದೆ. ಇದೇ ಶಾಫ್ಟ್‌ನಲ್ಲಿ 25 ಮಿ.ಮೀ. ರಂಧ್ರವಿದ್ದರೆ ಒಂದು ಮೈಕ್ರಾನ್‌ಗೆ 1.28 ಬದಲು 1.06 ಮೆಗಾಪಾಸ್ಕಲ್ ಮಾತ್ರ ಸಿಗುತ್ತದೆ. ಸಣ್ಣ ಗ್ರೀಸ್ ರಂಧ್ರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಬ್‌ನಲ್ಲಿ ಕೀವೇ ಇದ್ದರೆ ಮಾತ್ರ ಈ ಸೂತ್ರವನ್ನು ಪೂರ್ತಿ ನಂಬಬೇಡಿ. ಉಂಗುರ ಅಲ್ಲಿ ತೆಳುವಾಗಿ, ಸಿಗುವ ಒತ್ತಡ ಲೆಕ್ಕಕ್ಕಿಂತ ಕಡಿಮೆ ಇರುತ್ತದೆ.

ಕೊನೆಯದು ಅಳತೆಯ ನಿಖರತೆ. ಇಂಟರ್‌ಫಿಯರೆನ್ಸ್ ಎಂಬುದು ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸ. ಬೋರ್ ಗೇಜ್‌ನಲ್ಲಿ 3 ಮೈಕ್ರಾನ್, ಮೈಕ್ರೋಮೀಟರ್‌ನಲ್ಲಿ 3 ಮೈಕ್ರಾನ್ ತಪ್ಪು ಒಂದೇ ದಿಕ್ಕಿಗೆ ಸೇರಿಕೊಂಡರೆ 42ರಲ್ಲಿ 6 ಹೋಯಿತು. ಒತ್ತಡವೂ ಅದೇ ಪ್ರಮಾಣದಲ್ಲಿ, ಏಳರಲ್ಲಿ ಒಂದು ಪಾಲು, ಇಳಿಯಿತು. ಬೋರ್ ಗೇಜನ್ನು ರಿಂಗ್ ಗೇಜ್‌ನಲ್ಲಿ ಸೊನ್ನೆ ಮಾಡಿ, ಅದೇ ದಿನ, ಅದೇ ಕೋಣೆಯಲ್ಲಿ ಎರಡನ್ನೂ ಅಳೆದರೆ ಈ ಸಂದೇಹ ಬಹುಮಟ್ಟಿಗೆ ತೀರುತ್ತದೆ.

ನಮ್ಮ ಉದಾಹರಣೆಯಲ್ಲಿ ಇವೆಲ್ಲ ಸರಿಯಾಗಿದ್ದವು. 42 ಮೈಕ್ರಾನ್ ನಿಜವಾದ ಅಳತೆ, ಸೂತ್ರವೂ ಸರಿಯಾದದ್ದೇ.

ಪ್ರೆಸ್‌ನ ಬಲ: ಅರ್ಧ ಸಾಕ್ಷಿ

ಅದೇ ಲಾಟ್‌ನ ಇನ್ನೊಂದು ಜೋಡಿಯನ್ನು, ಅಷ್ಟೇ ಇಂಟರ್‌ಫಿಯರೆನ್ಸ್ ಇರುವಂತೆ ಆರಿಸಿ, ಬಲ ಓದುವ ಪ್ರೆಸ್‌ನಲ್ಲಿ ನಿಧಾನವಾಗಿ ಒತ್ತಲಾಯಿತು. ಜಾರಿದ ಜೋಡಿಯ ಮೇಲ್ಮೈ ಆಗಲೇ ಸವೆದಿರುತ್ತದೆ; ಅದು ಇವತ್ತಿನ ಸ್ಥಿತಿ ಹೇಳೀತೇ ಹೊರತು ಮೊದಲ ದಿನದ್ದಲ್ಲ. ಹಾಗಾಗಿ ಹೊಸ ಜೋಡಿ ಬೇಕು.

ಪೂರ್ತಿ ಕೂತಾಗ ಬೇಕಾಗುವ ಬಲ ಘರ್ಷಣಾಂಕ, ಒತ್ತಡ ಮತ್ತು ಸಂಪರ್ಕದ ವಿಸ್ತೀರ್ಣ ಇವುಗಳ ಗುಣಲಬ್ಧ. ವಿಸ್ತೀರ್ಣ ಇಲ್ಲಿ 6283 ಚದರ ಮಿ.ಮೀ. ಕಡತದ ಲೆಕ್ಕದಂತೆ ಕೊನೆಯಲ್ಲಿ 40 ಕಿಲೋನ್ಯೂಟನ್ ದಾಟಬೇಕಿತ್ತು. ಬಂದದ್ದು 19. ಬಲ ಮಾತ್ರ ಹಬ್ ಒಳಗೆ ಸರಿದಷ್ಟೂ ನೇರ ಗೆರೆಯಲ್ಲೇ ಏರಿತ್ತು, ಎಲ್ಲೂ ಬಾಗಿರಲಿಲ್ಲ. ನಡುವೆ ಬಾಗಿದ್ದರೆ ಬೋರ್ ಓರೆಯಾಗಿದೆ ಅಥವಾ ಕೆರೆದುಹೋಗುತ್ತಿದೆ ಎಂದು ಅನುಮಾನಿಸಬೇಕು. ತಟ್ಟನೆ ಮೇಲೆ ಜಿಗಿದಿದ್ದರೆ ಲೋಹಕ್ಕೆ ಲೋಹ ಕಚ್ಚಿಕೊಂಡಿದೆ ಎಂದರ್ಥ.

ಈ 19 ಕಿಲೋನ್ಯೂಟನ್‌ನಿಂದ ಒಂದು ವಿಷಯ ನೇರವಾಗಿ ತಿಳಿಯುತ್ತದೆ. ಬಲವನ್ನು ಶಾಫ್ಟ್‌ನ ತ್ರಿಜ್ಯದಿಂದ ಗುಣಿಸಿದರೆ ಟಾರ್ಕ್‌ನ ಒರಟು ಅಂದಾಜು ಸಿಗುತ್ತದೆ: 475 ನ್ಯೂಟನ್ ಮೀಟರ್. 300ಕ್ಕೆ ನಿಲ್ಲುತ್ತದೆ, 600ಕ್ಕೆ ಜಾರುತ್ತದೆ. ದೋಷದ ಲಕ್ಷಣಕ್ಕೆ ಸರಿಯಾಗಿ ಹೊಂದುವ ಸಂಖ್ಯೆ ಇದು. ಒತ್ತುವಾಗಿನ ಘರ್ಷಣೆ ಮತ್ತು ಆಮೇಲೆ ಜಾರುವಾಗಿನ ಘರ್ಷಣೆ ಒಂದೇ ಆಗಿರಬೇಕೆಂದಿಲ್ಲ, ಹಾಗಾಗಿ ಇದನ್ನು ಅಂದಾಜು ಎಂದಷ್ಟೇ ತಿಳಿಯಿರಿ.

ಆದರೆ ಕಾರಣ ಯಾವುದು ಎಂಬುದನ್ನು ಈ ಬಲ ಹೇಳುವುದಿಲ್ಲ. ಒತ್ತಡ ಕಡತದಲ್ಲಿರುವಂತೆ 53.8 ಇದ್ದು ಘರ್ಷಣಾಂಕ 0.056ಕ್ಕೆ ಇಳಿದಿದ್ದರೂ 19 ಕಿಲೋನ್ಯೂಟನ್ ಬರುತ್ತದೆ. ಘರ್ಷಣಾಂಕ 0.1ರ ಆಸುಪಾಸಿನಲ್ಲಿದ್ದು ಒತ್ತಡ ಸುಮಾರು 31ಕ್ಕೆ ಕುಸಿದಿದ್ದರೂ ಅದೇ 19 ಬರುತ್ತದೆ. ಎಣ್ಣೆಯ ಮೇಲೆ ತಪ್ಪು ಹೊರಿಸುವವರು ಮೊದಲನೆಯದನ್ನು ಗಟ್ಟಿಯಾಗಿ ನಂಬಿರುತ್ತಾರೆ. 0.056 ಎಂಬುದು ಎಣ್ಣೆ ಹಚ್ಚಿ ಒತ್ತಿದ ಉಕ್ಕಿಗೂ ಕಡಿಮೆಯೇ. ಅಲ್ಲಿ ಸಾಮಾನ್ಯವಾಗಿ 0.07, 0.08 ಹಿಡಿಯುತ್ತೇವೆ. ಆದರೂ ಅಸಾಧ್ಯವೆಂದು ಹೇಳಲಾಗದು. ಇಲ್ಲಿ ವಾದ ಮಾಡುವುದಕ್ಕಿಂತ ಅಳೆಯುವುದು ಒಳ್ಳೆಯದು.

ಹೊರವ್ಯಾಸ: ಉಳಿದ ಅರ್ಧ ಸಾಕ್ಷಿ

ಹಬ್ಬನ್ನು ಒಳಗಿನಿಂದ ತಳ್ಳುವ ಒತ್ತಡ ಅದರ ಹೊರಮೈಯನ್ನೂ ಹಿಗ್ಗಿಸುತ್ತದೆ. ಈ ಹಿಗ್ಗು ಘರ್ಷಣೆಯನ್ನು ಅವಲಂಬಿಸಿಲ್ಲ. ಎಣ್ಣೆ ಇರಲಿ ಬಿಡಲಿ, ಬೋರ್ ಮೇಲೆ ಎಷ್ಟು ಒತ್ತಡ ಇದೆಯೋ ಅಷ್ಟೇ ಹಿಗ್ಗು. ಹಾಗಾಗಿ ಒತ್ತುವ ಮೊದಲು ಮತ್ತು ನಂತರ ಹೊರವ್ಯಾಸ ಅಳೆದರೆ ಒತ್ತಡವೊಂದೇ ಬೇರೆಯಾಗಿ ಕೈಗೆ ಸಿಗುತ್ತದೆ:

```
p = E · ΔD · (D² − d²) / (2 · d² · D)
```

ಈ ಸೂತ್ರದಲ್ಲಿ ಹಬ್‌ನ ಅಳತೆಗಳು ಮಾತ್ರ ಇವೆ. ಶಾಫ್ಟ್ ಗಟ್ಟಿಯೋ ಟೊಳ್ಳೋ ಎಂಬುದೂ ಇಲ್ಲಿ ಬೇಕಿಲ್ಲ. ನಮ್ಮ ಹಬ್‌ಗೆ ಹೊರವ್ಯಾಸದಲ್ಲಿ ಒಂದು ಮೈಕ್ರಾನ್ ಹಿಗ್ಗು ಎಂದರೆ 2.05 ಮೆಗಾಪಾಸ್ಕಲ್ ಒತ್ತಡ.

ಶಾಫ್ಟ್ ಗಟ್ಟಿಯಾಗಿದ್ದು ಎರಡೂ ಒಂದೇ ಲೋಹದ್ದಾದರೆ ಇನ್ನೂ ಸುಂದರವಾದ ಸಂಬಂಧವೊಂದು ಹೊರಬರುತ್ತದೆ. ಮೊದಲ ಸೂತ್ರವನ್ನು ಇದರೊಳಗೆ ಹಾಕಿದರೆ E ಹೊರಟುಹೋಗುತ್ತದೆ, ವರ್ಗಗಳೆಲ್ಲ ಕಳಚಿಕೊಳ್ಳುತ್ತವೆ, ಉಳಿಯುವುದು ಇಷ್ಟೇ:

```
ΔD = δ · d / D
```

42 ಮೈಕ್ರಾನ್ ಇಂಟರ್‌ಫಿಯರೆನ್ಸ್ ಪೂರ್ತಿ ಕೆಲಸ ಮಾಡುತ್ತಿದ್ದರೆ ಹೊರವ್ಯಾಸ 42 × 50 / 80, ಅಂದರೆ 26 ಮೈಕ್ರಾನ್ ಹಿಗ್ಗಬೇಕು. ವರ್ಕ್‌ಶಾಪ್‌ನಲ್ಲಿ ನಿಂತಲ್ಲೇ ಪರೀಕ್ಷಿಸಬಹುದಾದ ಲೆಕ್ಕ ಇದು. ಇಷ್ಟು ಸರಳವಾದ ಸಂಬಂಧ ಜೋಡಣೆಯ ತಪಾಸಣಾ ಹಾಳೆಗಳಲ್ಲಿ ಯಾಕೆ ಕಾಣುವುದೇ ಇಲ್ಲ ಎಂದು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅಳೆಯುವ ಕ್ರಮದಲ್ಲಿ ಮಾತ್ರ ಅವಸರ ಕೂಡದು. ಹಬ್‌ನ ಹೊರಮೈ ಮೇಲೆ ಉದ್ದಕ್ಕೆ ಮೂರು ಜಾಗ ಗುರುತು ಮಾಡಿ: ಎರಡು ತುದಿಗಳ ಹತ್ತಿರ ಒಂದೊಂದು, ಮಧ್ಯದಲ್ಲೊಂದು. ಪ್ರತಿ ಜಾಗದಲ್ಲೂ ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನಲ್ಲಿ ಅಳತೆ ತೆಗೆದುಕೊಳ್ಳಿ. ಒತ್ತಿದ ಮೇಲೂ ಅದೇ ಗುರುತುಗಳ ಮೇಲೆಯೇ ಅಳೆಯಬೇಕು. ಹಬ್‌ನ ಹೊರಮೈ ಪೂರ್ತಿ ದುಂಡಗಿಲ್ಲದೆ 10 ಮೈಕ್ರಾನ್ ಆಚೀಚೆ ಇದ್ದರೂ ಚಿಂತೆಯಿಲ್ಲ, ನಮಗೆ ಬೇಕಾದದ್ದು ಅದೇ ಬಿಂದುವಿನಲ್ಲಿ ಆದ ಬದಲಾವಣೆ. ಹೊರಮೈ ಎರಕದ ಒರಟು ಮೈ ಆಗಿದ್ದರೆ ಅಲ್ಲಲ್ಲಿ ಸಣ್ಣ ಜಾಗ ತಿಕ್ಕಿ ನಯ ಮಾಡಿಕೊಳ್ಳಿ.

ಈ ಅಳತೆಯ ದೊಡ್ಡ ಶತ್ರು ಉಷ್ಣತೆ. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರ್‌ನಲ್ಲಿ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 80 ಮಿ.ಮೀ. ವ್ಯಾಸಕ್ಕೆ ಅದು ಡಿಗ್ರಿಗೆ 0.92 ಮೈಕ್ರಾನ್. ಒತ್ತಿದ ತಕ್ಷಣ ಹಬ್ ಇನ್ನೂ ಬೆಚ್ಚಗಿರುತ್ತದೆ, ಕೈಯಲ್ಲಿ ಹಿಡಿದಿದ್ದರೆ ಇನ್ನಷ್ಟು ಬೆಚ್ಚಗಾಗುತ್ತದೆ. ಐದು ಡಿಗ್ರಿ ವ್ಯತ್ಯಾಸ ಉಳಿದರೆ ಸುಮಾರು 5 ಮೈಕ್ರಾನ್ ಸುಳ್ಳು ಹಿಗ್ಗು ಸೇರಿಕೊಂಡು, 10 ಮೆಗಾಪಾಸ್ಕಲ್ ಇಲ್ಲದ ಒತ್ತಡವನ್ನು ತೋರಿಸುತ್ತದೆ. ಒತ್ತಿದ ಜೋಡಿಯನ್ನು ಮೈಕ್ರೋಮೀಟರ್ ಮತ್ತು ಅದರ ಸೆಟ್ಟಿಂಗ್ ರಾಡ್ ಜತೆ ಒಂದೇ ಮೇಜಿನ ಮೇಲೆ ಕೆಲವು ಗಂಟೆ ಬಿಟ್ಟು, ಆಮೇಲೆ ಅಳೆಯಿರಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ವಾಸಿ.

ನಮ್ಮ ಜೋಡಿಯಲ್ಲಿ ಮಧ್ಯದ ಗುರುತಿನಲ್ಲಿ ಹಿಗ್ಗು 15 ಮೈಕ್ರಾನ್. ಎರಡೂ ತುದಿಗಳ ಅಳತೆ ಪರಸ್ಪರ ಹೊಂದಿದ್ದವು, ಅಂದರೆ ಬೋರ್ ಓರೆಯಾಗಿರಲಿಲ್ಲ. ಬರಬೇಕಿದ್ದ 26 ಎಲ್ಲಿ, ಬಂದ 15 ಎಲ್ಲಿ. 15ಕ್ಕೆ ಒತ್ತಡ 30.7 ಮೆಗಾಪಾಸ್ಕಲ್. ಇದನ್ನು 19 ಕಿಲೋನ್ಯೂಟನ್ ಬಲದ ಜತೆ ಸೇರಿಸಿದರೆ ಘರ್ಷಣಾಂಕ 0.1ರ ಹತ್ತಿರ ಬರುತ್ತದೆ. ಒತ್ತುವಾಗ ಎಣ್ಣೆ ಹಚ್ಚಿದ್ದ ಜೋಡಿಗೆ ಇದು ಚೆನ್ನಾಗಿಯೇ ಇದೆ. ಎಣ್ಣೆ ನಿರ್ದೋಷಿ. ಕಾಣೆಯಾಗಿರುವುದು ಒತ್ತಡ, ಅಂದರೆ ಇಂಟರ್‌ಫಿಯರೆನ್ಸ್. 42ರಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವುದು 15 × 80 / 50, ಅಂದರೆ 24 ಮೈಕ್ರಾನ್ ಮಾತ್ರ.

ಆಗಲೇ ಕೂತಿರುವ ಹಬ್‌ನ ಮೊದಲಿನ ಹೊರವ್ಯಾಸ ಯಾರೂ ಬರೆದಿಟ್ಟಿಲ್ಲ ಎಂದಾದರೆ ಇದೇ ಪರೀಕ್ಷೆಯನ್ನು ಹಿಂದುಮುಂದಾಗಿ ಮಾಡಬಹುದು. ಕಳಚುವ ಮೊದಲು ಅಳೆಯಿರಿ, ಬಿಸಿ ಮಾಡದೆ ಪುಲ್ಲರ್‌ನಲ್ಲಿ ಎಳೆದು ತೆಗೆಯಿರಿ, ತಣ್ಣಗಾದ ಮೇಲೆ ಮತ್ತೆ ಅಳೆಯಿರಿ. ಎಷ್ಟು ಕುಗ್ಗಿತೋ ಅದೇ ΔD. ಕಳಚುವಾಗ ಲೋಹ ಸ್ಥಿತಿಸ್ಥಾಪಕವಾಗಿಯೇ ಹಿಂದೆ ಸರಿಯುವುದರಿಂದ, ಹಬ್ ಒಳಗಡೆ ಸ್ವಲ್ಪ ಮಣಿದಿದ್ದರೂ ಈ ಕುಗ್ಗು ಕಳಚುವ ಮುಂಚೆ ಇದ್ದ ಒತ್ತಡವನ್ನು ಸರಿಯಾಗಿ ಹೇಳುತ್ತದೆ.

ಕಾಣೆಯಾದ 18 ಮೈಕ್ರಾನ್

ಮೈಕ್ರೋಮೀಟರ್ ಶಾಫ್ಟ್ ಮೇಲೆ ಕೂತಾಗ ಮುಟ್ಟುವುದು ಮೇಲ್ಮೈಯ ಏಣುಗಳ ನೆತ್ತಿಯನ್ನು. ಬೋರ್ ಗೇಜ್ ಕೂಡ ಹಾಗೆಯೇ. ಒತ್ತಿದಾಗ ಆ ನೆತ್ತಿಗಳು ಚಪ್ಪಟೆಯಾಗುತ್ತವೆ ಅಥವಾ ಕೆರೆದುಹೋಗುತ್ತವೆ. ಅಷ್ಟರಮಟ್ಟಿಗೆ ನಾವು ಅಳೆದ ಇಂಟರ್‌ಫಿಯರೆನ್ಸ್ ಹಬ್ಬನ್ನು ಹಿಗ್ಗಿಸುವ ಮೊದಲೇ ಕರಗಿಹೋಗಿರುತ್ತದೆ. ಜರ್ಮನಿಯ DIN 7190 ಮಾನಕ ಇದಕ್ಕೆ ಒಂದು ಸರಳ ನಿಯಮ ಕೊಡುತ್ತದೆ: ಎರಡೂ ಮೇಲ್ಮೈಗಳ ಏಣುಗಳ ಎತ್ತರವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುವ ಒರಟುತನದ ಅಳತೆ Rz ಕೂಡಿಸಿ, 0.8ರಿಂದ ಗುಣಿಸಿ, ಬಂದದ್ದನ್ನು ವ್ಯಾಸದ ಮೇಲಿನ ಇಂಟರ್‌ಫಿಯರೆನ್ಸ್‌ನಿಂದ ಕಳೆಯಿರಿ.

```
δ_eff = δ − 0.8 · (Rz_shaft + Rz_bore)
```

ಶಾಫ್ಟ್ ಗ್ರೈಂಡ್ ಮಾಡಿದ್ದು, Rz 6.3. ಬೋರ್‌ನ ಒರಟುತನ ಅಳೆದಾಗ Rz 16. ಬೋರಿಂಗ್ ಮಾಡಿ ಹಾಗೇ ಬಿಟ್ಟಿದ್ದ ಮೇಲ್ಮೈ ಅದು. ಕೂಡಿಸಿದರೆ 22.3, ಅದರ 0.8 ಪಾಲು 17.8. ಉಳಿದದ್ದು 24.2 ಮೈಕ್ರಾನ್. ಹೊರವ್ಯಾಸದ ಅಳತೆ ಹೇಳಿದ್ದೂ 24. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಗಳು ಒಂದೇ ಕಡೆ ಬಂದು ಸೇರಿದಾಗ ಕಾರಣ ಸಿಕ್ಕಿತು ಎಂದು ಧೈರ್ಯವಾಗಿ ಹೇಳಬಹುದು. ಇಲ್ಲಿ ಎರಡೂ ಅಷ್ಟು ಹತ್ತಿರ ಬಂದವು. 0.8 ಎಂಬುದು ಅನುಭವದ ಅಂಕಿ, ಆದ್ದರಿಂದ ನಿಮ್ಮಲ್ಲಿ ಮೂರು ನಾಲ್ಕು ಮೈಕ್ರಾನ್ ಆಚೀಚೆ ಬಂದರೂ ಒಪ್ಪಿಕೊಳ್ಳಿ.

ಡ್ರಾಯಿಂಗ್‌ನಲ್ಲಿ ಸರಾಸರಿ ಒರಟುತನ Ra ಮಾತ್ರ ಕೊಟ್ಟಿದ್ದರೆ, Rz ಸಾಮಾನ್ಯವಾಗಿ ಅದರ 4ರಿಂದ 7 ಪಟ್ಟು ಇರುತ್ತದೆ ಎಂದು ಹಿಡಿದು ಅಂದಾಜಿಸಬಹುದು. ಸಂದೇಹವಿದ್ದರೆ ಅಳೆಯುವುದೇ ಸರಿ, ಏಕೆಂದರೆ ಟೂಲ್‌ನ ತುದಿ ಮತ್ತು ಫೀಡ್ ಬದಲಾದರೆ ಈ ಅನುಪಾತವೂ ಬದಲಾಗುತ್ತದೆ.

ಕಳಚಿದ ಹಬ್‌ನ ಬೋರನ್ನು ಭೂತಗನ್ನಡಿಯಲ್ಲಿ ನೋಡಿದರೂ ಇದು ಕಣ್ಣಿಗೆ ಕಾಣುತ್ತದೆ. ಬೋರಿಂಗ್ ಟೂಲ್ ಬಿಟ್ಟ ಸುರುಳಿ ಗೆರೆಗಳ ನೆತ್ತಿ ಪಟ್ಟಿಪಟ್ಟಿಯಾಗಿ ಹೊಳೆಯುತ್ತಿರುತ್ತದೆ, ನಡುವಿನ ತಗ್ಗುಗಳು ಮಂಕಾಗಿ, ಶಾಫ್ಟನ್ನು ಮುಟ್ಟಿಯೇ ಇಲ್ಲದಂತೆ ಉಳಿದಿರುತ್ತವೆ. ಹೊಳೆಯುವ ಪಟ್ಟಿ ಕಿರಿದಾಗಿದ್ದರೆ ಅಲ್ಲಿ ಒರಟುತನ ಇಂಟರ್‌ಫಿಯರೆನ್ಸ್ ತಿಂದಿದೆ. ಇದರ ಬದಲು ಬೋರ್ ಉದ್ದಕ್ಕೂ ಅಕ್ಷದ ದಿಕ್ಕಿನಲ್ಲಿ ಗೀರುಗಳಿದ್ದು, ಅಂಚಿನಲ್ಲಿ ಸುರುಳಿಯಾದ ತೆಳು ಲೋಹದ ಚೂರು ಕಂಡರೆ ಕಥೆ ಬೇರೆ: ಶಾಫ್ಟ್‌ನ ಮುಂದಿನ ಅಂಚು ಬೋರನ್ನು ಕೆರೆದಿದೆ. ಆಗ ನೋಡಬೇಕಾದದ್ದು ಒರಟುತನವನ್ನಲ್ಲ, ಚೇಂಫರನ್ನು. 45 ಡಿಗ್ರಿಯ ಮೊನಚು ಚೇಂಫರ್ ಕತ್ತರಿಸುವ ಅಂಚಿನಂತೆ ವರ್ತಿಸುತ್ತದೆ. ಸುಮಾರು 5 ಡಿಗ್ರಿಯ ಉದ್ದನೆಯ ಇಳಿಜಾರು ಇದ್ದರೆ ಶಾಫ್ಟ್ ಬೋರನ್ನು ಕತ್ತರಿಸದೆ ಹಿಗ್ಗಿಸುತ್ತಾ ಒಳಗೆ ಹೋಗುತ್ತದೆ.

ಹಾಗೆಯೇ ಒಮ್ಮೆ ಕಳಚಿದ ಜೋಡಿಯನ್ನು ಮತ್ತೆ ಒತ್ತುವಾಗ ಹಳೆಯ ಅಳತೆಯನ್ನು ಬಳಸಬೇಡಿ. ನೆತ್ತಿಗಳು ಆಗಲೇ ಚಪ್ಪಟೆಯಾಗಿವೆ, ಶಾಫ್ಟೂ ಬೋರೂ ಹೊಸದಾಗಿ ಅಳೆಯಬೇಕು.

ಹಿಗ್ಗು ಬೇರೆ ರೀತಿ ಬಂದರೆ

ಹಿಗ್ಗು ಲೆಕ್ಕದಂತೆಯೇ 26ರ ಹತ್ತಿರ ಬಂದು, ಪ್ರೆಸ್‌ನ ಬಲ ಮಾತ್ರ ಕಡಿಮೆ ಇದ್ದರೆ ಆಗ ಘರ್ಷಣೆಯೇ ಅಪರಾಧಿ. ಎಣ್ಣೆ, ಗ್ರೀಸ್, ಜೋಡಣೆಗೆ ಹಚ್ಚುವ ಪೇಸ್ಟ್ ಇವುಗಳ ಕಡೆ ಆಗ ತಿರುಗಬಹುದು.

ಎರಡೂ ಸರಿಯಾಗಿದ್ದು ಯಂತ್ರ ಬಿಸಿಯಾದ ಮೇಲೆ ಮಾತ್ರ ಜಾರಿದರೆ, ಹಬ್ ಮತ್ತು ಶಾಫ್ಟ್ ನಡುವಿನ ಉಷ್ಣತೆಯ ಅಂತರ ನೋಡಿ. ಎರಡೂ ಒಂದೇ ಸಮ ಬಿಸಿಯಾದರೆ ಏನೂ ಆಗುವುದಿಲ್ಲ. ಹಬ್ ಶಾಫ್ಟ್‌ಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ 50 ಮಿ.ಮೀ. ವ್ಯಾಸದಲ್ಲಿ 23 ಮೈಕ್ರಾನ್ ಸಡಿಲವಾಗುತ್ತದೆ. ನಮ್ಮ ಈ ಜೋಡಿಗೆ ಅದು ಉಳಿದಿರುವ ಪೂರ್ತಿ ಹಿಡಿತ. ನಮ್ಮ ಹಬ್ ಶುರುವಾಗುವಾಗ, ತಣ್ಣಗಿದ್ದಾಗಲೇ ಜಾರಿದ್ದರಿಂದ ಈ ಕಾರಣ ಹೊರಗಾಯಿತು.

ಕಳಚಿದ ಮೇಲೆ ಹೊರವ್ಯಾಸ ಮೊದಲಿನ ಅಳತೆಗೆ ಮರಳದೆ ಸ್ವಲ್ಪ ದೊಡ್ಡದಾಗಿಯೇ ಉಳಿದರೆ ಹಬ್ ಒಳಗಡೆ ಮಣಿದಿದೆ ಎಂದರ್ಥ. ಲೋಹ ಮಣಿಯತೊಡಗುವ ಇಂಟರ್‌ಫಿಯರೆನ್ಸನ್ನು ಟ್ರೆಸ್ಕಾ ನಿಯಮದಂತೆ ತಿಳಿಯುವುದು ಬಹಳ ಸುಲಭ. ಗಟ್ಟಿ ಶಾಫ್ಟ್ ಮತ್ತು ಒಂದೇ ಲೋಹದ ಜೋಡಿಗೆ ಹಬ್‌ನ ಗೋಡೆಯ ದಪ್ಪವೂ ಲೆಕ್ಕದಿಂದ ಹೊರಟುಹೋಗುತ್ತದೆ:

```
δ_yield = σ_y · d / E
```

ಮಣಿಯುವ ಬಲ 235 ಮೆಗಾಪಾಸ್ಕಲ್ ಇರುವ ಮೆದು ಉಕ್ಕಿನ ಹಬ್‌ಗೆ ಇದು 56 ಮೈಕ್ರಾನ್. ಅದಕ್ಕಿಂತ ಮೇಲೆ ಇಂಟರ್‌ಫಿಯರೆನ್ಸ್ ಏರಿಸಿದಷ್ಟೂ ಒತ್ತಡ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ನಮ್ಮ ಮೊದಲ ಸೂತ್ರವೂ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಹಾಕಬೇಕಾದದ್ದು ಒರಟುತನ ಕಳೆದು ಉಳಿದ ಇಂಟರ್‌ಫಿಯರೆನ್ಸ್. ನಮ್ಮ 24 ಮೈಕ್ರಾನ್ ಅದರ ಅರ್ಧಕ್ಕಿಂತ ಕೆಳಗಿದೆ.

ಸರಿಪಡಿಸಿದ್ದು

ಬೋರನ್ನು ನಯಗೊಳಿಸುವುದು ಮೊದಲ ಹೆಜ್ಜೆ. ಬೋರನ್ನೂ ಹೋನ್ ಮಾಡಿ Rz 6.3ಕ್ಕೆ ತಂದರೆ ಒರಟುತನದ ನಷ್ಟ 10 ಮೈಕ್ರಾನ್‌ಗೆ ಇಳಿಯುತ್ತದೆ. ಹೋನಿಂಗ್ ತೆಗೆಯುವ ಲೋಹವನ್ನು ಲೆಕ್ಕಕ್ಕೆ ಹಿಡಿದು, ಮುಗಿದ ಮೇಲೂ ಬೋರ್ 50.009 ಬರುವಂತೆ ಮುಂಚೆಯೇ ಬೋರಿಂಗ್ ಅಳತೆ ಕಡಿಮೆ ಇಟ್ಟುಕೊಳ್ಳಬೇಕು. ಆಗ 42ರಲ್ಲಿ 32 ಕೆಲಸಕ್ಕೆ ಬರುತ್ತದೆ, ಒತ್ತಡ 41 ಮೆಗಾಪಾಸ್ಕಲ್. ಆದರೆ ಹಿಂದಿನ 0.1 ಘರ್ಷಣಾಂಕದಲ್ಲಿ ಇದು ಸುಮಾರು 640 ನ್ಯೂಟನ್ ಮೀಟರ್ ಅಷ್ಟೇ. 600ರ ಹೊಡೆತಕ್ಕೆ ಇಷ್ಟು ಅಂಚು ಸಾಲದು.

ಆದ್ದರಿಂದ ತಣ್ಣಗೆ ಒತ್ತುವುದನ್ನು ಬಿಟ್ಟು ಹಬ್ಬನ್ನು ಬಿಸಿ ಮಾಡಿ ಕೂರಿಸುವುದು ವಾಸಿ. ಬೋರ್ ಕೆರೆಯುವ ಪ್ರಶ್ನೆಯೇ ಇರುವುದಿಲ್ಲ, ಒಣ ಮೇಲ್ಮೈಗಳ ನಡುವೆ ಘರ್ಷಣಾಂಕ 0.14ರ ಆಸುಪಾಸು ಹಿಡಿಯಬಹುದು. ಅದೇ 41 ಮೆಗಾಪಾಸ್ಕಲ್‌ಗೆ ಟಾರ್ಕ್ 900 ಮುಟ್ಟುತ್ತದೆ. ಹಬ್ ಸರಾಗವಾಗಿ ಜಾರಿ ಕೂರಲು 42ರ ಮೇಲೆ ಇನ್ನೊಂದು 50 ಮೈಕ್ರಾನ್ ತೆರವು ಬೇಕು ಎಂದುಕೊಂಡರೆ, ಒಟ್ಟು 92 ಮೈಕ್ರಾನ್ ಹಿಗ್ಗಿಗೆ ಕೋಣೆಯ ಉಷ್ಣತೆಗಿಂತ 160 ಡಿಗ್ರಿ ಮೇಲೆ ಬಿಸಿ ಮಾಡಬೇಕು. ಎತ್ತಿ ತರುವಷ್ಟರಲ್ಲಿ ಆರುವ ಬಿಸಿಗೆ ಇನ್ನೊಂದಿಷ್ಟು ಸೇರಿಸಿ. ಹಬ್‌ಗೆ ಶಾಖ ಸಂಸ್ಕಾರ ಆಗಿದ್ದರೆ ಅದನ್ನು ಟೆಂಪರ್ ಮಾಡಿದ ಉಷ್ಣತೆಯ ಹತ್ತಿರ ಹೋಗಬಾರದು.

ಡ್ರಾಯಿಂಗನ್ನು ಹಾಗೇ ಬಿಡುವಂತಿಲ್ಲ. ಈ ಜೋಡಿಯಲ್ಲಿ 42 ಮೈಕ್ರಾನ್ ಸಿಕ್ಕಿತ್ತು ನಿಜ, ಆದರೆ 50 ಮಿ.ಮೀ. ವ್ಯಾಸಕ್ಕೆ H7/s6 ಕೊಡುವ ಖಾತ್ರಿ ಕನಿಷ್ಠ 18 ಮೈಕ್ರಾನ್ ಮಾತ್ರ, ಗರಿಷ್ಠ 59. ನಯವಾದ ಬೋರ್‌ನಲ್ಲೂ 18ರಲ್ಲಿ 10 ಕಳೆದರೆ ಉಳಿಯುವುದು 8, ಒತ್ತಡ ಸುಮಾರು 10 ಮೆಗಾಪಾಸ್ಕಲ್. ಬಿಸಿ ಮಾಡಿ ಕೂರಿಸಿದರೂ ಅದು 300ರ ಸಾಮಾನ್ಯ ಟಾರ್ಕನ್ನು ಹೊರಲಾರದು. ಮುಂದಿನ ಲಾಟ್‌ನಲ್ಲಿ ದೊಡ್ಡ ಬೋರ್ ಮತ್ತು ಸಣ್ಣ ಶಾಫ್ಟ್ ಒಟ್ಟಿಗೆ ಬಿದ್ದರೆ ಅದೇ ದೋಷ ಮರಳುತ್ತದೆ.

H7/u6ಗೆ ಹೋದರೆ ಕನಿಷ್ಠ 45, ಗರಿಷ್ಠ 86 ಮೈಕ್ರಾನ್. ನಯವಾದ ಬೋರ್‌ನಲ್ಲಿ ಕನಿಷ್ಠದಲ್ಲೂ 35 ಉಳಿದು, ಬಿಸಿ ಜೋಡಣೆಯಲ್ಲಿ 950 ದಾಟುತ್ತದೆ. ಗರಿಷ್ಠದಲ್ಲಿ 76 ಉಳಿಯುತ್ತದೆ, ಮೇಲಿನ ಸೂತ್ರವನ್ನು ತಿರುಗಿಸಿ ಹಾಕಿದರೆ ಹಬ್‌ಗೆ ಸುಮಾರು 320 ಮೆಗಾಪಾಸ್ಕಲ್ ಮಣಿಯುವ ಬಲ ಬೇಕು. ಮೆದು ಉಕ್ಕು ಇದಕ್ಕೆ ಆಗದು, ಶಾಖ ಸಂಸ್ಕಾರ ಮಾಡಿದ ಮಧ್ಯಮ ಇಂಗಾಲದ ಉಕ್ಕು ಆಗುತ್ತದೆ. ಬಿಸಿ ಮಾಡುವ ಉಷ್ಣತೆಯನ್ನೂ 86 ಮೈಕ್ರಾನ್‌ಗೆ ತಕ್ಕಂತೆ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ: ಆಗ ಸುಮಾರು 240 ಡಿಗ್ರಿ ಏರಿಕೆ ಬೇಕು.

ಲೋಹ ಬದಲಿಸಲು ಆಗದಿದ್ದರೆ s6 ಇಟ್ಟುಕೊಂಡೇ, ಶಾಫ್ಟ್ ಮತ್ತು ಹಬ್‌ಗಳನ್ನು ಅಳೆದು, ಇಂಟರ್‌ಫಿಯರೆನ್ಸ್ 40 ಮೈಕ್ರಾನ್‌ಗಿಂತ ಕಡಿಮೆಯಾಗದಂತೆ ಜೋಡಿ ಮಾಡಿ. ತಪಾಸಣಾ ಹಾಳೆಗೆ ಎರಡು ಸಾಲು ಸೇರಿಸಿ: ಬೋರ್‌ನ Rz 6.3 ಮೀರಬಾರದು, ಮತ್ತು ತಣ್ಣಗಾದ ಮೇಲೆ ಮಧ್ಯದ ಗುರುತಿನಲ್ಲಿ ಹೊರವ್ಯಾಸದ ಹಿಗ್ಗು 18 ಮೈಕ್ರಾನ್‌ಗಿಂತ ಕಡಿಮೆ ಇರಬಾರದು.